ಬಳ್ಳಾರಿ ಜೀನ್ಸ್ ಯೂನಿಟ್‌ಗೆ ಬೆಂಕಿ: ಒಂದು ಕವರಿಂಗ್ ಲೆಟರ್ ತಿದ್ದಿ ಬರೆದ ಕಥೆ

ನಾನು ಬಳ್ಳಾರಿಯಲ್ಲಿ ಸಣ್ಣ ಯೂನಿಟ್‌ಗಳ ಲೆಕ್ಕ, ಜಿಎಸ್‌ಟಿ, ಬ್ಯಾಂಕ್ ಪೇಪರ್ ನೋಡ್ಕೊಳ್ಳೋನು. 2020ರ ಫೆಬ್ರವರಿಯಲ್ಲಿ ನಮ್ಮ ಒಬ್ಬ ಪಾರ್ಟಿಯ ಜೀನ್ಸ್ ಯೂನಿಟ್‌ಗೆ ಬೆಂಕಿ ಬಿತ್ತು. ಹೆಸರು ಬೇಡ, ಸಾವ್ಕಾರ್ರು ಅಂತೀನಿ ಸಾಕು. ಬಾಡಿಗೆ ಬಿಲ್ಡಿಂಗ್, ಎರಡು ಹಾಲ್, ಹಿಂದಿನ ಹಾಲ್‌ನಲ್ಲಿ ಡೆನಿಮ್ ಥಾನು ಮತ್ತು ಕಟಿಂಗ್ ಟೇಬಲ್, ಮುಂದಿನ ಹಾಲ್‌ನಲ್ಲಿ ಮಷಿನ್‌ಗಳು, ಪ್ಯಾಕಿಂಗ್, ರೆಡಿ ಮಾಲು. ಮೂಲೆಯಲ್ಲಿ ಒಂದು ಚಿಕ್ಕ ಆಫೀಸ್ ರೂಮು. ಬಳ್ಳಾರಿ ಜೀನ್ಸ್ ಕೆಲಸ ಗೊತ್ತಿರೋರಿಗೆ ಹೇಳೋದೇ ಬೇಡ, ಬಟ್ಟೆ ಒಂದು ಕಡೆ ಕಟ್ ಆಗುತ್ತೆ, ಹೊಲಿಗೆ ಮನೆಮನೆ ಟೈಲರ್‌ಗಳ ಹತ್ರ ಹೋಗುತ್ತೆ, ವಾಷಿಂಗ್ ಇನ್ನೊಂದು ಕಡೆ, ವಾಪಸ್ ಬಂದು ಬಟನ್, ಪ್ಯಾಕಿಂಗ್. ಅಂದ್ರೆ ಯಾವ ದಿನ ನೋಡಿದ್ರೂ ಮಾಲು ಅರ್ಧ ಒಳಗೆ, ಅರ್ಧ ಊರೊಳಗೆ. ಮುಂದೆ ಎಲ್ಲಾ ಗೋಜಲು ಆಗಿದ್ದು ಇದರಿಂದಲೇ.

ಬೆಂಕಿ ಬಿದ್ದ ಮಾರನೇ ದಿನಕ್ಕೇ ಸಾವ್ಕಾರ್ರು ಇನ್ಶೂರೆನ್ಸ್ ಕಂಪನಿಗೆ ಕೊಡೋಕೆ ಅಂತ ಒಂದು ಲೆಟರ್ ಟೈಪ್ ಮಾಡಿಸ್ಕೊಂಡು ಬಂದಿದ್ರು. ಒಂದು ಪುಟ, ನಾಲ್ಕೇ ಸಾಲು. 'ದಿನಾಂಕ 12ರಂದು ಬೆಳಗಿನ ಜಾವ ಸುಮಾರು 3 ಗಂಟೆಗೆ ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಬಿದ್ದು ನಮ್ಮ ಯೂನಿಟ್‌ನಲ್ಲಿದ್ದ 46 ಲಕ್ಷದ ಮಾಲು ಪೂರ್ತಿ ಸುಟ್ಟಿದೆ, ದಾಖಲೆಗಳನ್ನ ಲಗತ್ತಿಸಿದೆ, ದಯವಿಟ್ಟು ಪರಿಹಾರ ಕೊಡಿ.' ಕೆಳಗೆ ಸಹಿ, ಸೀಲು. ಹಿಂದೆ ಪಿನ್ ಹೊಡೆದ ಜೆರಾಕ್ಸ್ ಕಟ್ಟು, ಯಾವುದು ಏನು ಅಂತ ಒಂದಕ್ಕೂ ನಂಬರ್ ಇಲ್ಲ. ನಾನು ಓದಿ, 'ಸಾವ್ಕಾರೇ, ಇದನ್ನ ಕೊಡಬೇಡ್ರಿ, ಇದರಾಗ ನಾಕು ತಪ್ಪು ಅವೆ, ನಾಕೂ ನಿಮಗೇ ತಿರುಗಿ ಹೊಡಿತಾವೆ' ಅಂದೆ. 'ಏನ್ ತಪ್ಪೈತೆ ಅಣಾ, ಬೆಂಕಿ ಬಿದ್ದಿದ್ದು ಸುಳ್ಳಾ?' ಅಂತ ಸಿಟ್ಟು. ಪಾಪ, ನಿದ್ದೆ ಇಲ್ಲ, ಕೂದಲೆಲ್ಲಾ ಮಸಿ ವಾಸನೆ, ಸಿಟ್ಟು ಬರದೇ ಇರುತ್ತಾ.

ಬೆಂಕಿ ಬಿದ್ದಿದ್ದು ಸುಳ್ಳಲ್ಲ. ಆದ್ರೆ ಲೆಟರ್‌ನ ಓದೋನು ನಷ್ಟ ಎಷ್ಟು ಅಂತ ನೋಡೋಕೆ ಕಂಪನಿ ಕಳಿಸೋ ಸರ್ವೇಯರ್, ಅವನು ಅಲ್ಲಿ ಇರಲಿಲ್ಲ, ಅವನ ಕೈಯಲ್ಲಿ ಇರೋದು ಬೇರೆಬೇರೆ ಕಡೆಯಿಂದ ಬಂದ ಪೇಪರ್‌ಗಳು ಅಷ್ಟೇ. ಫೈರ್ ಸ್ಟೇಷನ್‌ದು ಒಂದು, ಪೊಲೀಸರದು ಒಂದು, ಬ್ಯಾಂಕಿಂದ ಒಂದು, ಜಿಎಸ್‌ಟಿ ಪೋರ್ಟಲ್‌ದು ಒಂದು. ಇವೆಲ್ಲಾ ಒಂದಕ್ಕೊಂದು ಹೊಂದಿಕೆ ಆಗುತ್ತಾ ಅಂತ ಅವನು ನೋಡ್ತಾನೆ. ಹೊಂದದೇ ಇರೋ ಜಾಗ ಇದ್ದೇ ಇರುತ್ತೆ, ಎಂಥಾ ಪ್ರಾಮಾಣಿಕ ಮನುಷ್ಯನ ಫೈಲ್‌ನಲ್ಲೂ ಇರುತ್ತೆ. ಆ ಜಾಗವನ್ನ ನಾವೇ ಮೊದಲು ತೋರಿಸಿ ಕಾರಣ ಹೇಳ್ತೀವಾ, ಇಲ್ಲಾ ಅವನು ಹುಡುಕಿ ತೆಗೆದು ಪ್ರಶ್ನೆ ಹಾಕ್ತಾನಾ, ಕವರಿಂಗ್ ಲೆಟರ್ ಇರೋದೇ ಇದಕ್ಕೆ ಅಂತ ನನ್ನ ಲೆಕ್ಕ.

ಮೊದಲು ಟೈಮಿನ ಗೊಂದಲ ಹೇಳ್ತೀನಿ. ಸಾವ್ಕಾರ್ರು ಬೆಳಿಗ್ಗೆ ಸ್ಟೇಷನ್‌ಗೆ ಹೋಗಿ ಕೊಟ್ಟ ದೂರಿನಲ್ಲಿ 'ಸುಮಾರು 3 ಗಂಟೆಗೆ ಬೆಂಕಿ' ಅಂತ ಬರೆಸಿದ್ರು. ಅಗ್ನಿಶಾಮಕದವರ ರಿಜಿಸ್ಟರ್‌ನಲ್ಲಿ ಕಾಲ್ ಬಂದಿದ್ದು 2.27, ಗಾಡಿ ಸ್ಪಾಟ್‌ಗೆ ಬಂದಿದ್ದು 2.44. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ನೋಡಿ, ಬೆಂಕಿ ಬೀಳೋಕೆ ಕಾಲು ಗಂಟೆ ಮೊದಲೇ ಫೈರ್ ಇಂಜಿನ್ ಬಂದು ನಿಂತಂಗಾಯ್ತು! ಕೇಳಿದ್ರೆ ಅವರು ಹೇಳಿದ್ದು, 'ನಾ ಮನೆಯಿಂದ ಹೋಗಿ ಮುಟ್ಟಿದಾಗ 3 ಆಗಿತ್ತು ಅಣಾ, ಅದನ್ನೇ ಹೇಳಿದೆ.' ಸರಿನೇ, ಅವರು ನೋಡಿದ್ದು 3ಕ್ಕೆ, ಅದನ್ನೇ ಬೆಂಕಿ ಬಿದ್ದ ಟೈಮ್ ಅಂತ ಬರೆದಿದ್ದಾರೆ. ಇದು ಎಲ್ಲರೂ ಮಾಡೋ ತಪ್ಪು.

ಇನ್ನೊಂದು ಗಡಿಯಾರ ಕ್ಯಾಮೆರಾದ್ದು. ಕ್ಯಾಮೆರಾದ್ದು ರೆಕಾರ್ಡ್ ಆಗೋ ಡಬ್ಬಿ, ಡಿವಿಆರ್, ಆಫೀಸ್ ರೂಮಲ್ಲಿ ಇದ್ದಿದ್ದಕ್ಕೆ ಉಳಿದಿತ್ತು. ಅದರಲ್ಲಿ ಹಿಂದಿನ ಹಾಲ್‌ನ ಕ್ಯಾಮೆರಾದಲ್ಲಿ ಮೊದಲ ಹೊಗೆ ಕಾಣೋದು 2.21ಕ್ಕೆ. ಪಕ್ಕದ ಯೂನಿಟ್ ವಾಚ್‌ಮನ್ ಸಾವ್ಕಾರ್ರಿಗೆ ಫೋನ್ ಮಾಡಿದ್ದು 2.22, ಫೋನಿನ ಕಾಲ್ ಲಿಸ್ಟ್‌ನಲ್ಲಿ ಇದೆ. ಒಂದೇ ನಿಮಿಷದಲ್ಲಿ ಹಿಂದಿನ ಹಾಲ್‌ನ ಹೊಗೆ ಬೀದಿಯಲ್ಲಿ ಇರೋ ವಾಚ್‌ಮನ್ನಿಗೆ ಕಂಡಿತಾ ಅಂತ ಯಾರಿಗಾದ್ರೂ ಡೌಟ್ ಬರುತ್ತೆ. ಸರ್ವೇಯರ್ ಬಂದ ದಿನ ಅವರ ಎದುರೇ ಡಿವಿಆರ್ ಗಡಿಯಾರವನ್ನ ಮೊಬೈಲ್ ಟೈಮ್ ಜೊತೆ ಇಟ್ಟು ನೋಡಿದ್ವಿ, ಡಿವಿಆರ್ 17 ನಿಮಿಷ ಮುಂದೆ ಓಡ್ತಾ ಇತ್ತು, ಎರಡೂ ಒಂದೇ ಫೋಟೋದಲ್ಲಿ ಬರೋ ಹಾಗೆ ತೆಗೆದ್ವಿ. ಅಂದ್ರೆ ಮೊದಲ ಹೊಗೆ ನಿಜವಾಗಿ 2.04ಕ್ಕೆ. ಈಗ ಸರಿ ಹೋಯ್ತು, 2.04ಕ್ಕೆ ಒಳಗೆ ಹೊಗೆ, 18 ನಿಮಿಷಕ್ಕೆ ಹೊರಗೆ ಕಂಡಿದೆ. ಇಲ್ಲಿ ಒಂದು ಮಾತು, ಡಿವಿಆರ್ ಟೈಮ್ ತಪ್ಪಿದೆ ಅಂತ ಗೊತ್ತಾದ ಕೂಡಲೇ ಅದನ್ನ ಸರಿ ಮಾಡೋಕೆ ಹೋಗಬೇಡಿ. ಸೆಟ್ಟಿಂಗ್ ಮುಟ್ಟಿದ್ರೆ 17 ನಿಮಿಷ ಅನ್ನೋದಕ್ಕೆ ಸಾಕ್ಷಿನೇ ಹೋಗುತ್ತೆ, ಮೇಲಿಂದ ಏನೋ ತಿದ್ದಿದ್ದಾರೆ ಅನ್ನೋ ಮಾತು ಬೇರೆ.

ಶಾರ್ಟ್ ಸರ್ಕ್ಯೂಟ್ ವಿಷಯಕ್ಕೆ ಬರ್ತೀನಿ. ನಮ್ಮಲ್ಲಿ ಎಲ್ಲಿ ಬೆಂಕಿ ಬಿದ್ರೂ ಮೊದಲು ಬರೋ ಪದ ಅದೇ, ಪೇಪರ್‌ನಲ್ಲೂ ಅದೇ ಬರುತ್ತೆ. ಸಾವ್ಕಾರ್ರು ಲೆಟರ್‌ನಲ್ಲಿ ಶಾರ್ಟ್ ಸರ್ಕ್ಯೂಟ್ ಅಂತ ಖಚಿತವಾಗಿ ಬರೆದಿದ್ರು, ಆದ್ರೆ ಬಾಯಲ್ಲಿ 'ರಾತ್ರಿ ಮೇನ್ ಆಫ್ ಮಾಡೇ ಹೋಗೀವಿ' ಅಂತಿದ್ರು. ಮೇನ್ ಆಫ್ ಆಗಿದ್ರೆ ಶಾರ್ಟ್ ಎಲ್ಲಿಂದ ಬಂತು ಸ್ವಾಮಿ? ಕೂತು ಎಲೆಕ್ಟ್ರಿಷಿಯನ್ ಕರೆಸಿ ಕೇಳಿದಾಗ ಗೊತ್ತಾಗಿದ್ದು, ಅವರು ಆಫ್ ಮಾಡ್ತಿದ್ದಿದ್ದು ಮಷಿನ್ ಲೈನಿನ ಸ್ವಿಚ್, ಕ್ಯಾಮೆರಾ ಮತ್ತು ರಾತ್ರಿ ಬಲ್ಬಿನ ಲೈನ್ ಅದೇ ಪ್ಯಾನೆಲ್‌ನಿಂದ ಬೇರೆಯಾಗಿ ಹೋಗುತ್ತೆ, ಅದು ಯಾವತ್ತೂ ಆನ್. ಕ್ಯಾಮೆರಾ ರೆಕಾರ್ಡ್ ಆಗಿದೆ ಅಂದ ಮೇಲೆ ಕರೆಂಟ್ ಇದ್ದೇ ಇತ್ತಲ್ಲ! ಅದನ್ನ ಹಾಗೇ ಬರೆದ್ವಿ.

ಕಾರಣ ಬರೆಯೋದರಲ್ಲಿ ಪಾಲಿಸಿಯ ಒಂದು ಷರತ್ತೂ ನೆನಪಿರಲಿ. ಸ್ಟ್ಯಾಂಡರ್ಡ್ ಫೈರ್ ಪಾಲಿಸಿಯಲ್ಲಿ ಶಾರ್ಟ್ ಸರ್ಕ್ಯೂಟ್, ಓವರ್‌ಲೋಡ್, ಕರೆಂಟ್ ಲೀಕ್ ಇವುಗಳಿಂದ ಯಾವ ಎಲೆಕ್ಟ್ರಿಕ್ ಸಾಮಾನು ಹಾಳಾಯ್ತೋ ಆ ಸಾಮಾನಿಗೆ ಮಾತ್ರ ದುಡ್ಡು ಇಲ್ಲ, ಅದರಿಂದ ಹಬ್ಬಿದ ಬೆಂಕಿಗೆ ಸುಟ್ಟ ಬೇರೆ ಎಲ್ಲದಕ್ಕೂ ಇದೆ. ಎಷ್ಟೋ ಜನ ಇದನ್ನ ಉಲ್ಟಾ ತಿಳ್ಕೊಂಡು 'ಶಾರ್ಟ್ ಸರ್ಕ್ಯೂಟ್ ಅಂತ ಬರೆದ್ರೆ ಕ್ಲೈಮ್ ಬರಲ್ಲ' ಅಂತ ಹೆದರಿ ಕಾರಣ ಗೊತ್ತಿಲ್ಲ ಅಂತ ಬರೀತಾರೆ, ಇನ್ನು ಕೆಲವರು ಸುಟ್ಟ ಪ್ಯಾನೆಲ್‌ನೂ ಮಷಿನ್ ಲಿಸ್ಟ್ ಒಳಗೆ ಸೇರಿಸ್ತಾರೆ. ನಾವು ಬರೆದಿದ್ದು ಹೀಗೆ: ಬೆಂಕಿ ಹಿಂದಿನ ಹಾಲ್‌ನ ಪ್ಯಾನೆಲ್ ಇರೋ ಗೋಡೆ ಕಡೆಯಿಂದ ಶುರುವಾದಂತೆ ಕ್ಯಾಮೆರಾದಲ್ಲಿ ಕಾಣುತ್ತದೆ, ಖಚಿತ ಕಾರಣಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ವರದಿ ಕೇಳಿದ್ದೇವೆ, ಬಂದ ಕೂಡಲೇ ಕೊಡುತ್ತೇವೆ. ಪ್ಯಾನೆಲ್ ಬೆಲೆಯನ್ನ ಮಷಿನ್ ಮೊತ್ತದಿಂದ ಹೊರಗೇ ಇಟ್ವಿ.

ಇಲ್ಲಿವರೆಗೂ ಬಂದಿದ್ದು ರಾತ್ರಿಯ ಲೆಕ್ಕ, ನಿಮಿಷದ ಲೆಕ್ಕ. ಟೈಮ್‌ಲೈನ್ ಅಂದ ಕೂಡಲೇ ಎಲ್ಲರೂ ಇದನ್ನೇ ಬರೀತಾರೆ, ಇಲ್ಲಿಗೇ ನಿಲ್ಲಿಸ್ತಾರೆ. ಇನ್ನೊಂದು ಟೈಮ್‌ಲೈನ್ ಇದೆ, ಅದು ಮಾಲಿನದು, ದಿನದ ಲೆಕ್ಕ. ಕೊನೇ ಸಲ ಮಾಲು ಎಷ್ಟಿದೆ ಅಂತ ಹೊರಗಿನವರಿಗೆ ಬರೆದು ಕೊಟ್ಟ ದಿನದಿಂದ ಬೆಂಕಿ ಬಿದ್ದ ದಿನದವರೆಗೆ ಏನು ಬಂತು, ಏನು ಹೋಯ್ತು. ದುಡ್ಡು ನಿರ್ಧಾರ ಆಗೋದು ಇಲ್ಲಿ.

ನಮ್ಮ ಕೇಸ್‌ನಲ್ಲಿ ಕೊನೇ ಸಲ ಬರೆದು ಕೊಟ್ಟಿದ್ದು ಬ್ಯಾಂಕಿಗೆ, ಜನವರಿ 31ರ ಸ್ಟಾಕ್ ಸ್ಟೇಟ್‌ಮೆಂಟ್, ಮೇಲ್ ಮಾಡಿದ್ದು ಫೆಬ್ರವರಿ 7ಕ್ಕೆ. ಅದರಲ್ಲಿ ಮಾಲು 46.20 ಲಕ್ಷ. ಸಾವ್ಕಾರ್ರ ಲೆಟರ್‌ನ 46 ಲಕ್ಷ ಬಂದಿದ್ದು ಇಲ್ಲಿಂದಲೇ. ಫೆಬ್ರವರಿ 1ರಿಂದ 11ರವರೆಗೆ ಖರೀದಿ 7.60 ಲಕ್ಷ. ಹೊಲಿಗೆ, ವಾಷಿಂಗ್ ಕೂಲಿ ಅಂತ ಮಾಲಿನ ಮೇಲೆ ಬಿದ್ದ ಖರ್ಚು 1.20 ಲಕ್ಷ. ಅದೇ ಹನ್ನೊಂದು ದಿನದ ಮಾರಾಟ ಬಿಲ್ ಪ್ರಕಾರ 9.96 ಲಕ್ಷ, ಆದ್ರೆ ಅದರಲ್ಲಿ ಲಾಭ ಸೇರಿದೆ. ಇವರದು ಅಸಲಿನ ಮೇಲೆ ಶೇಕಡ 20 ಮಾರ್ಜಿನ್, ಹಾಗಾಗಿ ಅಸಲು ಬೆಲೆಯಲ್ಲಿ ಹೊರಗೆ ಹೋದ ಮಾಲು 8.30 ಲಕ್ಷ. ಇಂಥಾ ಫೈರ್ ಪಾಲಿಸಿ ಲಾಭ ಕೊಡಲ್ಲ, ಸುಟ್ಟ ಪ್ಯಾಂಟಿಗೂ ಅಸಲು ಬೆಲೆನೇ. ಎಲ್ಲಾ ಕೂಡಿ ಕಳೆದ್ರೆ 11ನೇ ತಾರೀಕು ರಾತ್ರಿ ಪುಸ್ತಕದ ಪ್ರಕಾರ ಮಾಲು 46.70 ಲಕ್ಷ.

'ಅಲ್ಲಿಗೆ ಮುಗೀತಲ್ಲ ಅಣಾ, ಇನ್ನೂ ಐವತ್ತು ಸಾವಿರ ಜಾಸ್ತಿನೇ ಆತು' ಅಂದ್ರು ಸಾವ್ಕಾರ್ರು. ಆ ಮಾಲೆಲ್ಲಾ ಆ ಬಿಲ್ಡಿಂಗ್ ಒಳಗೆ ಇತ್ತಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತು, 'ವಾಷಿಂಗ್‌ನಾಗ ಒಂದಿಷ್ಟು ಐತೆ' ಅಂದ್ರು. ಚಲನ್ ಬುಕ್ ತೆಗೆಸಿದ್ವಿ, ಪುಣ್ಯಕ್ಕೆ ಅದು ಮೇಸ್ತ್ರಿ ಬ್ಯಾಗಲ್ಲಿ ಅವನ ಮನೆಯಲ್ಲಿತ್ತು. ವಾಷಿಂಗ್‌ಗೆ ಹೋಗಿ ವಾಪಸ್ ಬರದೇ ಇರೋ ಪೀಸು 2,600, ಪೀಸಿಗೆ 300 ರೂಪಾಯಿ ಅಸಲು ಹಿಡಿದ್ರೆ 7.80 ಲಕ್ಷ. ಟೈಲರ್‌ಗಳ ಮನೆಯಲ್ಲಿ ಕಟ್ ಬಂಡಲ್ 3.60 ಲಕ್ಷದ್ದು. ಒಟ್ಟು 11.40 ಲಕ್ಷದ ಮಾಲು ಆ ರಾತ್ರಿ ಊರೊಳಗೆ ಹಾಯಾಗಿ ಮಲಗಿತ್ತು. ಇದು ಕಳೆದ್ರೆ ಬಿಲ್ಡಿಂಗ್ ಒಳಗೆ ನಿಜವಾಗಿ ಇದ್ದದ್ದು 35.30 ಲಕ್ಷ. ಅಹಮದಾಬಾದಿಂದ ಒಂದು ಲೋಡ್ ಬಿಲ್ ಆಗಿತ್ತು, ಮಾಲು ಇನ್ನೂ ಟ್ರಾನ್ಸ್‌ಪೋರ್ಟ್ ಗೋಡೌನ್‌ನಲ್ಲಿ ಇತ್ತು, ಅದನ್ನ ಖರೀದಿಗೆ ಸೇರಿಸಿರಲೇ ಇಲ್ಲ, ಲೆಟರ್‌ನಲ್ಲಿ ಅದನ್ನೂ ಒಂದು ಸಾಲಲ್ಲಿ ಹೇಳಿದ್ವಿ, ಯಾಕಂದ್ರೆ ಬಿಲ್ ಪೋರ್ಟಲ್‌ನಲ್ಲಿ ಕಾಣುತ್ತೆ, ನಾಳೆ ಇದೆಲ್ಲಿ ಅಂತ ಕೇಳ್ತಾರೆ.

ಸಾವ್ಕಾರ್ರಿಗೆ ಇದು ಹಿಡಿಸಲಿಲ್ಲ. 46 ಇದ್ದಿದ್ದು 35ಕ್ಕೆ ಯಾಕೆ ಇಳಿಸ್ತೀರಿ, ಕೇಳೋದು ಜಾಸ್ತಿ ಕೇಳಿದ್ರೆ ಕೊಡೋದು ನಡುವೆ ಎಲ್ಲೋ ಕೊಡ್ತಾರೆ ಅನ್ನೋ ಲೆಕ್ಕ ಅವರದು. ಸಂತೆ ವ್ಯಾಪಾರದ ಲೆಕ್ಕ. ಒಂದನೇದು, ಇಲ್ಲದ ಮಾಲನ್ನ ಸುಟ್ಟಿದೆ ಅಂತ ಗೊತ್ತಿದ್ದೂ ಬರೆದ್ರೆ ಅದು ಮೋಸದ ಕ್ಲೈಮ್, ಪಾಲಿಸಿಯಲ್ಲಿ ಒಂದು ಕಡೆ ಮೋಸ ಇದ್ರೂ ಪೂರ್ತಿ ಹಕ್ಕೇ ಹೋಗುತ್ತೆ ಅಂತ ಷರತ್ತೇ ಇದೆ. ವಾಷಿಂಗ್‌ನವನ ರಿಜಿಸ್ಟರ್‌ನಲ್ಲಿ 2,600 ಪೀಸು ಕೂತಿದೆ, ಸರ್ವೇಯರ್ ಒಂದು ಫೋನ್ ಮಾಡಿದ್ರೆ ಮುಗೀತು. ಎರಡನೇದು ಆವರೇಜ್. ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಇವರ ಪಾಲಿಸಿಯಲ್ಲಿ ಮಾಲಿಗೆ ವಿಮಾ ಮೊತ್ತ 32 ಲಕ್ಷ. ಬೆಂಕಿ ಬಿದ್ದ ಹೊತ್ತಿಗೆ ಒಳಗಿದ್ದ ಮಾಲಿನ ಬೆಲೆ 32ಕ್ಕಿಂತ ಜಾಸ್ತಿ ಇದ್ರೆ, ಜಾಸ್ತಿ ಇರೋ ಭಾಗಕ್ಕೆ ನೀವೇ ವಿಮೆ ಮಾಡ್ಕೊಂಡಂಗೆ ಅಂತ ಪಾಲಿಸಿ ಹೇಳುತ್ತೆ, ನಷ್ಟವನ್ನ ಆ ಪ್ರಮಾಣದಲ್ಲಿ ಹಂಚ್ತಾರೆ. ನಮ್ಮ ನಷ್ಟ ಎಷ್ಟು? ಒಳಗಿದ್ದ 35.30ರಲ್ಲಿ ಮುಂದಿನ ಹಾಲ್‌ನ ಚೆನ್ನಾಗಿ ಉಳಿದ ಮಾಲು 6.10 ಲಕ್ಷ. ನೀರು, ಹೊಗೆ ಹಿಡಿದ ಮಾಲನ್ನ ಕಟ್‌ಪೀಸ್ ವ್ಯಾಪಾರದವರು 1 ಲಕ್ಷಕ್ಕೆ ಕೇಳಿದ್ರು, ಅದು ಸಾಲ್ವೇಜ್. ಎರಡೂ ಕಳೆದ್ರೆ ನಷ್ಟ 28.20 ಲಕ್ಷ. ಇದನ್ನ 32ರಿಂದ ಗುಣಿಸಿ 35.30ರಿಂದ ಭಾಗಿಸಿದ್ರೆ 25.56 ಲಕ್ಷ. ಅದೇ ಲೆಟರ್‌ನಲ್ಲಿ ನಾವೇ 'ಒಳಗಿದ್ದ ಮಾಲು 46.70' ಅಂತ ಬರೆದು ಸಹಿ ಹಾಕಿದ್ರೆ ಏನಾಗ್ತಿತ್ತು ಅಂತ ನೋಡಿ. ಸರ್ವೇಯರ್ ವಾಷಿಂಗ್‌ನಲ್ಲಿರೋದನ್ನ ನಷ್ಟದಿಂದ ತೆಗೀತಾನೆ, ನಷ್ಟ ಅದೇ 28.20ಕ್ಕೆ ಬರುತ್ತೆ, ಆದ್ರೆ ಕೆಳಗಿನ ಭಾಗಾಕಾರಕ್ಕೆ ನಮ್ಮದೇ ಸಹಿ ಇರೋ 46.70 ಹಿಡಿದ್ರೆ ಕೈಗೆ ಬರೋದು 19.32 ಲಕ್ಷ. ಆಮೇಲೆ ಕಚೇರಿಗೆ ಅಲೆದಾಡಿ ತಿದ್ದಿಸ್ಕೋಬಹುದು, ಆದ್ರೆ ನಮ್ಮ ಮಾತನ್ನ ನಾವೇ ಸುಳ್ಳು ಅಂತ ಸಾಬೀತು ಮಾಡಬೇಕು. ಈ ಎರಡು ಅಂಕಿ ಪೇಪರ್ ಮೇಲೆ ಬರೆದು ತೋರಿಸಿದ ಮೇಲೆ ಸಾವ್ಕಾರ್ರು 'ನೀ ಹೇಳಿದಂಗೇ ಬರಿ' ಅಂದ್ರು.

ಇದು 2020ರ ಕಥೆ ಅನ್ನೋದು ನೆನಪಿರಲಿ. 2021ರ ಏಪ್ರಿಲ್ 1ರಿಂದ ಒಟ್ಟು 5 ಕೋಟಿ ಒಳಗಿನ ಆಸ್ತಿ ಇರೋ ಸಣ್ಣ ಯೂನಿಟ್‌ಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಅಂತ ಬೇರೆ ಪಾಲಿಸಿ ಬಂತು, ಅದರಲ್ಲಿ ವಿಮಾ ಮೊತ್ತ ಶೇಕಡ 15ರವರೆಗೆ ಕಡಿಮೆ ಬಿದ್ದಿದ್ರೆ ಆವರೇಜ್ ಹಾಕಲ್ಲ. ನಮ್ಮದು ಕಡಿಮೆ ಬಿದ್ದಿದ್ದು ಶೇಕಡ 9ರ ಮೇಲೆ ಸ್ವಲ್ಪ, ಅಂದ್ರೆ ಇವತ್ತಾಗಿದ್ರೆ 28.20 ಪೂರ್ತಿ ನಿಲ್ತಿತ್ತು. ಅದೇ 46.70 ಅಂತ ಬರೆದಿದ್ರೆ ಇವತ್ತಿನ ಪಾಲಿಸಿಯಲ್ಲೂ 15 ದಾಟಿ ಆವರೇಜ್‌ಗೆ ಸಿಕ್ಕಿಹಾಕ್ಕೊಳ್ತಿದ್ರು.

ಈಗ ದಾಖಲೆ ಪಟ್ಟಿ. ಎಲ್ಲರೂ ಮಾಡೋದು ಕಂಪನಿ ಕೊಟ್ಟ ಚೆಕ್‌ಲಿಸ್ಟ್ ನೋಡಿ ಅದೇ ಸಾಲಿನಲ್ಲಿ ಜೆರಾಕ್ಸ್ ಇಡೋದು. ನಾವು ಒಂದೇ ಒಂದು ವಿಷಯ ಬೇರೆ ಮಾಡಿದ್ವಿ, ಪಟ್ಟಿಯನ್ನ ಬೆಂಕಿಗೆ ಮೊದಲೇ ತಯಾರಾಗಿ ಹೊರಗಿನವರ ಕೈ ಸೇರಿದ್ದ ದಾಖಲೆಗಳು, ಬೆಂಕಿ ಆದ ಮೇಲೆ ತಯಾರಾದವು, ಇನ್ನೂ ಬರಬೇಕಾದವು ಅಂತ ಒಡೆದ್ವಿ. ಯಾಕೆ ಅಂದ್ರೆ ಬೆಂಕಿ ಬಿದ್ದ ಮೇಲೆ ಯಾರು ಬೇಕಾದ್ರೂ ಎಷ್ಟು ಬೇಕಾದ್ರೂ ಮಾಲು ಬರ್ಕೋಬಹುದು. ಫೆಬ್ರವರಿ 7ರ ಬ್ಯಾಂಕ್ ಮೇಲ್, 10ಕ್ಕೆ ಸಲ್ಲಿಸಿದ್ದ ಜನವರಿಯ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1, ಇ-ವೇ ಬಿಲ್‌ಗಳು, 8ನೇ ತಾರೀಕು ನನಗೆ ಮೇಲ್ ಬಂದಿದ್ದ ಟ್ಯಾಲಿ ಬ್ಯಾಕಪ್, ಇವನ್ನ ಯಾರೂ ಹಿಂದಕ್ಕೆ ಹೋಗಿ ತಿದ್ದೋಕೆ ಆಗಲ್ಲ, ತೂಕ ಇರೋದು ಇವಕ್ಕೆ. ಜನವರಿಯ ತೆರಿಗೆ ಕಟ್ಟೋ ರಿಟರ್ನ್ ಜಿಎಸ್‌ಟಿಆರ್-3ಬಿ ಸಲ್ಲಿಸಿದ್ದು 18ಕ್ಕೆ, ಬೆಂಕಿ ಆದ ಮೇಲೆ. ಅದನ್ನ ಮೊದಲ ಗುಂಪಿಗೆ ತೂರಿಸದೇ ಎರಡನೇದಕ್ಕೇ ಹಾಕಿದ್ವಿ. ಟ್ಯಾಲಿಯಲ್ಲಿ 8ರಿಂದ 11ರವರೆಗಿನ ಎಂಟ್ರಿ ಬೆಂಕಿ ಆದ ಮೇಲೆ ಬಿಲ್ ನೋಡಿ ಹಾಕಿದ್ದು ಅಂತಲೂ ಬರೆದ್ವಿ. ನಮ್ಮ ಹುಡುಗ ಒಬ್ಬ 'ಇದನ್ನೆಲ್ಲಾ ನಾವೇ ಯಾಕೆ ಹೇಳ್ಬೇಕು ಸರ್' ಅಂದ. ಟ್ಯಾಲಿ ಡೇಟಾ ಕೇಳಿದ ದಿನ ಅವರಿಗೇ ಕಾಣುತ್ತೆ ಕಣಪ್ಪಾ, ಅದಕ್ಕೆ.

ಲೆಟರ್ ಕೊಟ್ಟಿದ್ದು ಇಂಗ್ಲಿಷ್‌ನಲ್ಲಿ, ಅದರ ಮುಖ್ಯ ಭಾಗ ಕನ್ನಡದಲ್ಲಿ ಹೀಗಿತ್ತು.

ದಿನಾಂಕ: 24.02.2020

ವಿಷಯ: 12.02.2020ರ ಬೆಂಕಿ ನಷ್ಟ, ಪಾಲಿಸಿ ನಂಬರ್ ಮತ್ತು ಕ್ಲೈಮ್ ನಂಬರ್ ಮೇಲ್ಕಂಡಂತೆ, ನಷ್ಟದ ವಿವರ ಮತ್ತು ದಾಖಲೆ ಸಲ್ಲಿಕೆ

1. 11.02.2020 ರಾತ್ರಿ 8.40ಕ್ಕೆ ಕೆಲಸ ಮುಗಿಸಿ ಮಷಿನ್ ಲೈನ್ ಆಫ್ ಮಾಡಿ ಶಟರ್ ಬೀಗ ಹಾಕಲಾಗಿದೆ. ಕ್ಯಾಮೆರಾ ಮತ್ತು ರಾತ್ರಿ ದೀಪದ ಲೈನ್ ಆನ್ ಇತ್ತು.

2. 12.02.2020 ಬೆಳಗಿನ ಜಾವ 2.04, ಕ್ಯಾಮೆರಾದಲ್ಲಿ ಮೊದಲ ಹೊಗೆ. ಡಿವಿಆರ್‌ನಲ್ಲಿ ಇದು 2.21 ಎಂದು ಕಾಣುತ್ತದೆ, ಡಿವಿಆರ್ ಗಡಿಯಾರ 17 ನಿಮಿಷ ಮುಂದಿರುವುದನ್ನು 13ರಂದು ಸರ್ವೇಯರ್ ಸಮಕ್ಷಮ ನೋಡಲಾಗಿದೆ (ಲಗತ್ತು ಆ-3).

3. 2.22, ಪಕ್ಕದ ಯೂನಿಟ್ ಕಾವಲುಗಾರರಿಂದ ನಮಗೆ ಫೋನ್. 2.26, ನಮ್ಮಿಂದ 101ಕ್ಕೆ ಫೋನ್ (ಆ-4). ಠಾಣೆಯ ರಿಜಿಸ್ಟರ್‌ನಲ್ಲಿ 2.27 ಎಂದಿದೆ.

4. 2.44, ಅಗ್ನಿಶಾಮಕ ವಾಹನ ಬಂದಿದೆ. ಬೀಗವನ್ನು ಸಿಬ್ಬಂದಿ ಒಡೆದಿದ್ದಾರೆ, ಕೀಲಿ ಆ ಹೊತ್ತಿಗೆ ನಮ್ಮ ಬಳಿ ಮನೆಯಲ್ಲಿತ್ತು. 2.52, ಜೆಸ್ಕಾಂ ಲೈನ್‌ಮನ್ ಕರೆಂಟ್ ತೆಗೆದಿದ್ದಾರೆ. ಸುಮಾರು 3.00, ನಾವು ಸ್ಥಳ ತಲುಪಿದೆವು. 4.50, ಬೆಂಕಿ ಹತೋಟಿಗೆ ಬಂದಿದೆ.

5. ಪೊಲೀಸ್ ದೂರಿನಲ್ಲಿ 'ಸುಮಾರು 3 ಗಂಟೆಗೆ ಬೆಂಕಿ' ಎಂದಿದೆ. ಅದು ನಾವು ಸ್ಥಳ ತಲುಪಿ ಬೆಂಕಿ ಕಂಡ ಸಮಯ, ಬೆಂಕಿ ಶುರುವಾದ ಸಮಯವಲ್ಲ.

6. ಅದೇ ದಿನ 11.00ಕ್ಕೆ ಫೋನ್ ಮೂಲಕ, 11.20ಕ್ಕೆ ಇಮೇಲ್ ಮೂಲಕ ನಿಮಗೆ ತಿಳಿಸಲಾಗಿದೆ. 13ರಂದು ಸರ್ವೇಯರ್ ಭೇಟಿ. 14ರಂದು ಅವರ ಸೂಚನೆಯಂತೆ ಸುಟ್ಟ, ನೆನೆದ, ಉಳಿದ ಮಾಲು ಬೇರೆ ಮಾಡಲಾಗಿದೆ. ಯಾವುದನ್ನೂ ಹೊರಗೆ ಸಾಗಿಸಿಲ್ಲ, ಮಾರಿಲ್ಲ.

7. ಮಾಲಿನ ನಷ್ಟ ನಮ್ಮ ಅಂದಾಜು ರೂ. 28,20,000, ಅಸಲು ಬೆಲೆಯಲ್ಲಿ, ಲಾಭ ಸೇರಿಸಿಲ್ಲ. 31.01.2020ರಿಂದ 11.02.2020ರವರೆಗಿನ ಮಾಲಿನ ಚಲನೆ ಲಗತ್ತು ಆ-1ರಲ್ಲಿದೆ. ವಾಷಿಂಗ್ ಮತ್ತು ಹೊಲಿಗೆಗೆ ಹೊರಗಿದ್ದ ರೂ. 11,40,000ದ ಮಾಲನ್ನು ಕಳೆಯಲಾಗಿದೆ (ಅ-5, ಚಲನ್‌ಗಳು). ಮಷಿನ್ ನಷ್ಟ ಪ್ರತ್ಯೇಕ ಪಟ್ಟಿಯಲ್ಲಿದೆ (ಆ-2). ಬಿಲ್ಡಿಂಗ್ ಬಾಡಿಗೆಯದು, ಅದಕ್ಕೆ ನಾವು ಕ್ಲೈಮ್ ಮಾಡುತ್ತಿಲ್ಲ.

8. ಇದು ಇವತ್ತಿನವರೆಗೆ ಸಿಕ್ಕ ದಾಖಲೆಗಳ ಮೇಲಿನ ಲೆಕ್ಕ. ಬಾಕಿ ದಾಖಲೆ ಬಂದ ಮೇಲೆ ವ್ಯತ್ಯಾಸ ಇದ್ದರೆ ತಿಳಿಸುತ್ತೇವೆ. ಬೇರೆ ಯಾವ ಕಂಪನಿಯಲ್ಲೂ ಈ ಮಾಲಿಗೆ ವಿಮೆ ಇಲ್ಲ.

ಕೆಳಗೆ ಲಗತ್ತುಗಳು. 'ಅ' ಅಂದ್ರೆ ಬೆಂಕಿಗೆ ಮೊದಲಿನವು, 'ಆ' ಅಂದ್ರೆ ನಂತರದವು, 'ಇ' ಅಂದ್ರೆ ಬಾಕಿ. ಪ್ರತಿ ಲಗತ್ತಿನ ಮುಂದೆ ಅದು ಲೆಟರ್‌ನ ಯಾವ ಪ್ಯಾರಾಗೆ ಸಂಬಂಧ ಮತ್ತು ಎಷ್ಟು ಪುಟ ಅಂತ ಬರೆದ್ವಿ. ಪುಟ ಸಂಖ್ಯೆ ಯಾಕೆ ಅಂದ್ರೆ ಹಿಂದೆ ಒಂದು ಕೇಸ್‌ನಲ್ಲಿ ನಮ್ಮ ಖರೀದಿ ಬಿಲ್‌ನ ಕಟ್ಟಲ್ಲಿ ಆರು ಪುಟ ಅವರ ಕಡೆ ಎಲ್ಲೋ ಕಳೆದು ಹೋಗಿ, ನೀವು ಕೊಟ್ಟೇ ಇಲ್ಲ ಅಂತ ವಾದ ಆಗಿತ್ತು.

ಬಾಕಿ ಪಟ್ಟಿ ಬಗ್ಗೆ ಎರಡು ಮಾತು. ಅಗ್ನಿಶಾಮಕ ಠಾಣೆಯ ವರದಿ, ವಿದ್ಯುತ್ ಪರಿವೀಕ್ಷಣಾಲಯದ ವರದಿ, ಪೊಲೀಸ್ ಅಂತಿಮ ವರದಿ ಮೂರೂ 24ಕ್ಕೆ ಬಂದಿರಲಿಲ್ಲ. ಅಗ್ನಿಶಾಮಕದ ಟೈಮ್‌ಗಳನ್ನ ನಾವು ಠಾಣೆಯಲ್ಲಿ ರಿಜಿಸ್ಟರ್ ನೋಡಿ ಬರ್ಕೊಂಡು ಬಂದಿದ್ವಿ ಅಷ್ಟೇ. 'ಎಲ್ಲಾ ಬಂದ ಮೇಲೆ ಒಟ್ಟಿಗೆ ಕೊಡಾಣ' ಅಂತ ಸಾವ್ಕಾರ್ರ ಅಳಿಯ ಹೇಳ್ತಿದ್ರು, ಕೇಳೋಕೆ ಚೆಂದ, ಆದ್ರೆ ಆ ಪಾಲಿಸಿಯಲ್ಲಿ ನಷ್ಟ ಆದ 15 ದಿನದ ಒಳಗೆ ಬರವಣಿಗೆಯಲ್ಲಿ ಕ್ಲೈಮ್ ವಿವರ ಕೊಡಬೇಕು, ಜಾಸ್ತಿ ದಿನ ಬೇಕಿದ್ರೆ ಕಂಪನಿಯಿಂದ ಬರೆದು ತಗೋಬೇಕು. 12ರಿಂದ ಲೆಕ್ಕ ಹಾಕಿದ್ರೆ 27ಕ್ಕೆ ಮುಗಿಯುತ್ತೆ. ಹಾಗಾಗಿ ಮೂರೂ ವರದಿಗೆ ಯಾವತ್ತು ಅರ್ಜಿ ಕೊಟ್ವಿ ಅನ್ನೋದನ್ನ ಬರೆದು, ಅರ್ಜಿಯ ಸೀಲ್ ಹಾಕಿದ ಕಾಪಿಯನ್ನೇ ಲಗತ್ತಿಸಿದ್ವಿ. ದಿನದ ಲೆಕ್ಕ ಪಾಲಿಸಿಯಿಂದ ಪಾಲಿಸಿಗೆ ಬೇರೆ ಇರುತ್ತೆ, ನಿಮ್ಮ ಪಾಲಿಸಿಯಲ್ಲಿ ಏನಿದೆ ಅಂತ ಅದನ್ನೇ ತೆಗೆದು ಓದಿ, ಏಜೆಂಟ್ ಬಾಯಿಮಾತು ನಂಬಬೇಡಿ.

ಇನ್ನೊಂದು ಸಣ್ಣದು, ಆದ್ರೆ ಎಲ್ಲರೂ ಬಿಡ್ತಾರೆ. ಖರೀದಿ ಬೆಲೆಯನ್ನ ನಾವು ಜಿಎಸ್‌ಟಿ ಬಿಟ್ಟು ಹಿಡಿದಿದ್ವಿ, ಯಾಕಂದ್ರೆ ಅದರ ಐಟಿಸಿ, ಅಂದ್ರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನ ನಾವು ಕಟ್ಟೋ ತೆರಿಗೆಯಲ್ಲಿ ವಜಾ ಹಿಡಿಯೋದು, ಮೊದಲೇ ತಗೊಂಡಾಗಿದೆ. ಆದ್ರೆ ಮಾಲು ನಾಶ ಆದ್ರೆ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ಆ ಐಟಿಸಿಯನ್ನ ವಾಪಸ್ ಕಟ್ಟಬೇಕು, ಆಗ ಅದು ನಿಜವಾದ ಖರ್ಚೇ ಆಗುತ್ತೆ. ಹಾಗಾಗಿ ಅದನ್ನ 28.20ರ ಒಳಗೆ ಬೆರೆಸದೇ ಲಗತ್ತು ಆ-1ರ ಕೊನೆಗೆ ಬೇರೆ ಸಾಲಾಗಿ ತೋರಿಸಿದ್ವಿ. ಸರ್ವೇಯರ್ ಅದನ್ನ ಒಪ್ಪಲಿಲ್ಲ, ವಿಮಾ ಮೊತ್ತ ಹಾಕುವಾಗ ಜಿಎಸ್‌ಟಿ ಸೇರಿಸಿಲ್ಲ ಅಂದ್ರು, ಅದರಲ್ಲಿ ನ್ಯಾಯ ಇತ್ತು, ನಾವು ಎಳೀಲಿಲ್ಲ. ಬೇರೆ ಸಾಲಲ್ಲಿ ಇದ್ದಿದ್ದಕ್ಕೆ ಉಳಿದ ಲೆಕ್ಕ ಅಲುಗಾಡಲಿಲ್ಲ ಅನ್ನೋದು ಲಾಭ.

ಲೆಟರ್‌ನ ಎರಡು ಪ್ರತಿ ತಗೊಂಡು ಹೋಗಿ ನಮ್ಮ ಪ್ರತಿ ಮೇಲೆ ಸೀಲು, ತಾರೀಕು, ಸಹಿ ಹಾಕಿಸ್ಕೊಂಡ್ವಿ, ಅದೇ ದಿನ ಪೂರ್ತಿ ಸೆಟ್ ಸ್ಕ್ಯಾನ್ ಮಾಡಿ ಕಂಪನಿಗೂ ಸರ್ವೇಯರ್‌ಗೂ ಮೇಲ್. ಬ್ಯಾಂಕಿಗೂ ಒಂದು ಕಾಪಿ, ಮಾಲು ಬ್ಯಾಂಕಿಗೆ ಅಡಮಾನ ಇದ್ದಿದ್ರಿಂದ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇತ್ತು, ದುಡ್ಡು ಬರೋದೇ ಅವರ ಮೂಲಕ.

ಸರ್ವೇಯರ್ ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ. ಶೇಕಡ 20 ಮಾರ್ಜಿನ್‌ಗೆ ಆಧಾರ ಏನು, ಅದಕ್ಕೆ ಹಿಂದಿನ ವರ್ಷಗಳ ಆಡಿಟ್ ಬ್ಯಾಲೆನ್ಸ್ ಶೀಟ್ ತೋರಿಸಿದ್ವಿ. ಇನ್ನೊಂದು, ವಾಷಿಂಗ್‌ನವರಿಂದ 2,600 ಪೀಸಿಗೆ ಒಂದು ಪತ್ರ ಬೇಕು ಅಂದ್ರು, ಅದನ್ನೂ ತಂದು ಕೊಟ್ವಿ. ಟೈಮ್ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ, ದೂರಿನಲ್ಲಿ 3 ಗಂಟೆ ಅಂತ ಇದ್ದಿದ್ದಕ್ಕೂ ಬರಲಿಲ್ಲ. ಬಾಕಿ ವರದಿಗಳು ಬಂದಂಗೆಲ್ಲಾ ಹೊಸ ಲೆಟರ್ ಬರೆಯದೇ, 24.02ರ ಪತ್ರದ ಲಗತ್ತು ಇ-1, ಇ-2 ಅಂತ ಅದೇ ನಂಬರ್ ಹಾಕಿ ಎರಡು ಸಾಲಿನ ಪತ್ರದ ಜೊತೆ ಕಳಿಸಿದ್ವಿ.

ಮಾಲಿನ ಬಾಬ್ತು 25.56 ಲಕ್ಷಕ್ಕೇ ನಿಂತು, ಪಾಲಿಸಿ ಪ್ರಕಾರ ನಾವೇ ಹೊರಬೇಕಾದ ಎಕ್ಸೆಸ್ 10,000 ಕಳೆದು 25.46 ಲಕ್ಷ ಬ್ಯಾಂಕಿನ ಲೋನ್ ಖಾತೆಗೆ ಜಮಾ ಆಯ್ತು. ನಡುವೆ ಲಾಕ್‌ಡೌನ್ ಬಂದಿದ್ದಕ್ಕೆ ಸ್ವಲ್ಪ ತಡ ಆಯ್ತು. ಮುಂದಿನ ವರ್ಷ ರಿನ್ಯೂವಲ್‌ಗೆ ಬಂದಾಗ ಸಾವ್ಕಾರ್ರು ಮಾಲಿನ ಮೊತ್ತ 32ರಿಂದ 45ಕ್ಕೆ ಏರಿಸಿದ್ರು, ವಾಷಿಂಗ್ ಯೂನಿಟ್ ಅಡ್ರೆಸ್‌ನೂ ಪಾಲಿಸಿಯಲ್ಲಿ ಸೇರಿಸಿದ್ರು, ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ 'ಒಳಗೆ', 'ಹೊರಗೆ' ಅಂತ ಎರಡು ಕಾಲಂ ಹಾಕಿಸಿದ್ರು. ಡಿವಿಆರ್ ಗಡಿಯಾರ ಮಾತ್ರ ಇನ್ನೂ ಮುಂದೇನೇ ಓಡ್ತಾ ಇತ್ತು, ನಾನೇ ಹೋಗಿ ಸರಿ ಮಾಡಿ ಬಂದೆ.